ಸೆಪ್ಟೆಂಬರಿಗೆ ಬೀಗ, ಅಕ್ಟೋಬರಿಗೆ ಮೈನಸ್

ನಮ್ಮ ಕಾರ್ಖಾನೆಯಲ್ಲಿ ಶಟರ್ ಎಳೆಯುವ ಅಧಿಕಾರ ಯಜಮಾನರದ್ದು, ಗೇಟಿಗೆ ಬೀಗ ಹಾಕುವ ಅಧಿಕಾರ ಸೆಕ್ಯುರಿಟಿಯವನದ್ದು. ಆದರೆ ಇಡೀ ಒಂದು ತಿಂಗಳನ್ನೇ ಮುಚ್ಚಿ ಬೀಗ ಹಾಕುವ ಅಧಿಕಾರ ಇರುವುದು ಅಕೌಂಟೆಂಟ್ ಆದ ನನಗೊಬ್ಬನಿಗೇ. ಬ್ಯಾಂಕಿನವರ ಸ್ಟೇಟ್‌ಮೆಂಟಿಗೂ ನಮ್ಮ ಬ್ಯಾಂಕ್ ಲೆಡ್ಜರಿಗೂ ತಾಳೆ ನೋಡುತ್ತೇನೆ. ಬಿಲ್ ಬರದಿದ್ದರೂ ಖರ್ಚಾಗಿರುವ ಕರೆಂಟಿಗೆ ಪ್ರಾವಿಷನ್ ಹಾಕುತ್ತೇನೆ. ಟ್ರಯಲ್ ಬ್ಯಾಲೆನ್ಸ್ ತೆಗೆದು, ತಿಂಗಳ ಲಾಭ-ನಷ್ಟದ ಪಟ್ಟಿಯನ್ನು ಯಜಮಾನರ ಮೇಜಿನ ಮೇಲಿಟ್ಟು, ಇನ್ನು ಮುಂದೆ ಯಾರೂ ಹಿಂದಿನ ತಾರೀಖಿಗೆ ಎಂಟ್ರಿ ಹಾಕದಂತೆ ಟ್ಯಾಲಿಯಲ್ಲಿ ತಡೆ ಹಾಕಿಬಿಟ್ಟರೆ ತಿಂಗಳು ಕ್ಲೋಸ್. ಆಮೇಲೆ ಸ್ಟೋರ್ಸಿನವರು ಹಳೇ ಬಿಲ್ ಹಿಡಿದುಕೊಂಡು ಬಂದರೆ, "ಸೆಪ್ಟೆಂಬರ್ ಮುಗಿದಿದೆಯಪ್ಪಾ" ಎಂದು ಕನ್ನಡಕದ ಮೇಲಿಂದ ನೋಡಿ ಹೇಳುವುದರಲ್ಲಿ ಒಂದು ಸುಖವಿದೆ. ಬೀಗದ ಪಾಸ್‌ವರ್ಡೂ ನನ್ನ ಹತ್ತಿರವೇ ಇತ್ತು. ಇರಬಾರದಿತ್ತು.

ಆದದ್ದಿಷ್ಟು. ಸೆಪ್ಟೆಂಬರ್ 4ರಂದು ಹೊಸ ಏರ್ ಕಂಪ್ರೆಸರ್ ಬಂತು. ಯಂತ್ರದ ಬೆಲೆ 85,000 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. 15,300. ಬಿಲ್ಲಿನ ಒಟ್ಟು ಮೊತ್ತ 1,00,300. ಕೊಟ್ಟವರು ನಮ್ಮ ಹಳೇ ಕಂಪ್ರೆಸರನ್ನು ತಿಂಗಳಿಗೊಮ್ಮೆ ಸರ್ವಿಸ್ ಮಾಡುತ್ತಿದ್ದವರೇ. ಅವರ ಬಿಲ್ ಎಂದರೆ ವಾಲ್ವ್, ಬೆಲ್ಟ್, ಆಯಿಲ್, ಎರಡು ಸಾವಿರ, ಮೂರು ಸಾವಿರ. ಅವರ ಹೆಸರು ಕಂಡ ಕೂಡಲೇ ನನ್ನ ಬೆರಳು ನನ್ನನ್ನು ಕೇಳದೆಯೇ 'ರಿಪೇರಿ ಮತ್ತು ಮೇಂಟೆನೆನ್ಸ್' ಲೆಡ್ಜರನ್ನು ಆರಿಸಿಬಿಡುತ್ತದೆ. ಆವತ್ತೂ ಹಾಗೇ ಆಯಿತು. ಜರ್ನಲ್ ಎಂಟ್ರಿಯಲ್ಲಿ ರಿಪೇರಿಗೆ 85,000 ಡೆಬಿಟ್, ಎರಡು ಇನ್‌ಪುಟ್ ಟ್ಯಾಕ್ಸ್ ಲೆಡ್ಜರುಗಳಿಗೆ 7,650ರಂತೆ ಡೆಬಿಟ್, ಸಪ್ಲೈಯರಿಗೆ 1,00,300 ಕ್ರೆಡಿಟ್. ಹೋಗಬೇಕಿದ್ದದ್ದು 'ಪ್ಲಾಂಟ್ ಅಂಡ್ ಮಷಿನರಿ'ಗೆ. ವರ್ಷಗಟ್ಟಲೆ ಗಾಳಿ ಊದಬೇಕಾದ ಯಂತ್ರವನ್ನು ನಾನು ಒಂದೇ ತಿಂಗಳಲ್ಲಿ ಖರ್ಚು ಬರೆದು ಮುಗಿಸಿದ್ದೆ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತೇ ಎಂದು ಕೇಳುತ್ತೀರಿ. ಆಗದೆ ಏನು? ಪೈಸೆ ಸಮೇತ ತಾಳೆಯಾಯಿತು. ಡೆಬಿಟ್ಟಿನ ಮೊತ್ತ ಕ್ರೆಡಿಟ್ಟಿನ ಮೊತ್ತಕ್ಕೆ ಸಮ ಇದೆಯೇ ಎಂಬುದಷ್ಟೇ ಅದರ ಕಾಳಜಿ. ತಕ್ಕಡಿ ಸಮ ನಿಂತಿತೆಂದರೆ ತೂಕ ಸರಿ ಅಷ್ಟೆ, ತಟ್ಟೆಯಲ್ಲಿರುವುದು ಕೊತ್ತಂಬರಿಯೋ ಕಾಂಗ್ರೆಸ್ ಗಿಡವೋ ತಕ್ಕಡಿಗೆ ಗೊತ್ತಿಲ್ಲ. ಜಿ.ಎಸ್.ಟಿ. ರಿಟರ್ನಿನಲ್ಲೂ ಇದು ಸಿಕ್ಕಿಬೀಳಲಿಲ್ಲ, ಯಾಕೆಂದರೆ ತೆರಿಗೆಯ ಎರಡು ಸಾಲೂ ಸರಿಯಾದ ಜಾಗದಲ್ಲೇ ಇದ್ದವು. ಸಪ್ಲೈಯರ್ ಖಾತೆಯೂ ಸರಿ, ಅವರಿಗೆ ದುಡ್ಡೂ ಸರಿಯಾಗಿ ಹೋಯಿತು. ಇಂಥ ತಪ್ಪನ್ನು ಹಿಡಿಯುವುದಕ್ಕೆ ಇರುವುದು ಒಂದೇ ದಾರಿ: ಹಿಂದಿನ ತಿಂಗಳುಗಳ ಅಂಕಿಯನ್ನು ಪಕ್ಕದಲ್ಲಿಟ್ಟುಕೊಂಡು, ಯಾವುದು ಏಕಾಏಕಿ ನೆಗೆದಿದೆ ಎಂದು ಕಣ್ಣಾಡಿಸುವುದು. ತಿಂಗಳು ಕ್ಲೋಸ್ ಮಾಡುವ ಮುನ್ನ ಅದನ್ನು ಮಾಡಬೇಕಾದವನು ನಾನು. ಮಾಡಿದವರು ಯಜಮಾನರು, ಅದೂ ಅಕ್ಟೋಬರ್ 20 ದಾಟಿದ ಮೇಲೆ.

"ಏನ್ರೀ ಇದು, ರಿಪೇರಿಗೆ 91,200? ಹೋದ ತಿಂಗಳು ಆರು ಸಾವಿರ ಇತ್ತು. ಇಡೀ ಫ್ಯಾಕ್ಟರಿ ಬಿಚ್ಚಿ ಮತ್ತೆ ಜೋಡಿಸಿದ್ರಾ?"

"ನೋಡಿ ಹೇಳ್ತೀನಿ ಸರ್" ಎಂದೆ. ಅಕೌಂಟೆಂಟ್ ಹೀಗೆಂದನೆಂದರೆ ಅವನಿಗೆ ಆಗಲೇ ಗೊತ್ತಾಗಿದೆ ಎಂದರ್ಥ.

ಆ ಹೊತ್ತಿಗೆ ಸೆಪ್ಟೆಂಬರಿನ ಜಿ.ಎಸ್.ಟಿ.ಆರ್. 3ಬಿ ಫೈಲ್ ಆಗಿತ್ತು. ಅರ್ಧ ವರ್ಷದ ಲಾಭ-ನಷ್ಟದ ಪಟ್ಟಿ ಯಜಮಾನರ ಸಹಿ ಹೊತ್ತು ಬ್ಯಾಂಕಿಗೆ ಹೋಗಿತ್ತು. ಆಡಿಟರ್ ಕಚೇರಿಯ ಹುಡುಗ ಬಂದು ಪೆನ್ ಡ್ರೈವಿನಲ್ಲಿ ಬ್ಯಾಕಪ್ ತೆಗೆದುಕೊಂಡು ಹೋಗಿದ್ದ. ಇಷ್ಟು ಜನರ ಕೈಗೆ ದಾಟಿರುವ ತಿಂಗಳನ್ನು ಮುಟ್ಟಬಾರದು ಎಂದು ನಾನೇ ನಮ್ಮ ಜೂನಿಯರ್ ಹುಡುಗಿಗೆ ಪಾಠ ಮಾಡಿದ್ದೆ. ಬಿ.ಕಾಂ. ಮುಗಿಸಿ ಬಂದವಳು, ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಕೆಟ್ಟ ಅಭ್ಯಾಸ ಅವಳಿಗೆ.

ಹಾಗಾಗಿ ಅವಳು ಮನೆಗೆ ಹೋಗುವವರೆಗೆ ಕಾದೆ. ಆಮೇಲೆ ಪಾಸ್‌ವರ್ಡ್ ಹಾಕಿ ಸೆಪ್ಟೆಂಬರಿನ ಬೀಗ ತೆಗೆದು, 4ನೇ ತಾರೀಖಿನ ವೋಚರ್ ತೆರೆದು, 'ರಿಪೇರಿ' ಅಳಿಸಿ 'ಮಷಿನರಿ' ಎಂದು ಮಾಡಿ, ಬೀಗ ಮತ್ತೆ ಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಜನ ಯಾಕೆ ಒದ್ದಾಡುತ್ತಾರೋ ಎಂದುಕೊಂಡು ಬಸ್ ಹತ್ತಿದೆ.

ಮರುದಿನ ಬೆಳಿಗ್ಗೆ ಸೆಪ್ಟೆಂಬರಿನ ಪಟ್ಟಿಯನ್ನು ಹೊಸದಾಗಿ ಮುದ್ರಿಸಿ ಯಜಮಾನರ ಮುಂದಿಟ್ಟೆ. ರಿಪೇರಿ 6,200. ಯಜಮಾನರು ಡ್ರಾಯರಿನಿಂದ ಹಳೇ ಪಟ್ಟಿ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟರು. ಒಂದೇ ಕಂಪನಿ, ಒಂದೇ ತಿಂಗಳು, ಲಾಭ ಮಾತ್ರ ಬೇರೆ ಬೇರೆ. "ಇದ್ರಲ್ಲಿ ಬ್ಯಾಂಕಿಗೆ ಕೊಟ್ಟಿದ್ದು ಯಾವುದು?" ಎಂದು ಕೇಳಿದರು. ಹಳೆಯದು ಎಂದೆ. "ಹಾಗಾದ್ರೆ ಅವರ ಹತ್ರ ಇರೋದು ಸುಳ್ಳಾ, ನಮ್ಮ ಹತ್ರ ಇರೋದಾ?" ವ್ಯವಹಾರಸ್ಥರಿಗೆ ಅಕೌಂಟೆನ್ಸಿ ಗೊತ್ತಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಮುಚ್ಚಿದ ತಿಂಗಳನ್ನು ತೆರೆದು ತಿದ್ದಿದರೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಿದ್ದು ನನಗೆ ನೆನಪಿಲ್ಲ. ಸೆಪ್ಟೆಂಬರ್ ಬದಲಾದರೆ ಅರ್ಧ ವರ್ಷದ ಲಾಭ ಬದಲಾಗುತ್ತದೆ, ಬ್ಯಾಂಕಿನ ಫೈಲಿನಲ್ಲಿರುವ ಸಹಿ ಹಾಕಿದ ಕಾಗದಕ್ಕೂ ನಮ್ಮ ಪುಸ್ತಕಕ್ಕೂ ಸಂಬಂಧ ತಪ್ಪುತ್ತದೆ. ಆಡಿಟರ್ ತೆಗೆದುಕೊಂಡು ಹೋದ ಬ್ಯಾಕಪ್ಪಂತೂ ಮೂರನೆಯವರ ಮನೆಯಲ್ಲಿ ಕೂತ ಸಾಕ್ಷಿ.

ಗಾಬರಿಯಾಗಿ ಓಡಿಹೋಗಿ ಮತ್ತೆ ಬೀಗ ತೆಗೆದು, 'ಮಷಿನರಿ'ಯನ್ನು ಮತ್ತೆ 'ರಿಪೇರಿ' ಮಾಡಿದೆ. ಎಲ್ಲವೂ ಮೊದಲಿನಂತಾಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದುಕೊಂಡೆ.

"ಸರ್," ಎಂದಳು ಜೂನಿಯರ್, ಬ್ಯಾಗ್ ಇಳಿಸುತ್ತಲೇ. "ನಾವು ಎಡಿಟ್ ಲಾಗ್ ಇರೋ ಟ್ಯಾಲಿ ಅಲ್ವಾ ಬಳಸೋದು?"

ಹೌದು. ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮದು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ವಹಿವಾಟಿನ ಪ್ರತಿ ಬದಲಾವಣೆಯೂ ತಾರೀಖಿನ ಸಮೇತ ದಾಖಲಾಗಲೇಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸಲು ಬರಬಾರದು ಎಂಬ ನಿಯಮವಿದೆ. ವರ್ಷವಿಡೀ ಅದು ಚಾಲ್ತಿಯಲ್ಲಿತ್ತೇ, ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಬರೆಯಬೇಕು. ವೋಚರಿನ ಚರಿತ್ರೆ ತೆರೆದು ನೋಡಿದೆವು. ಮೊದಲು ರಿಪೇರಿ, ರಾತ್ರಿ ಮಷಿನರಿ, ಬೆಳಿಗ್ಗೆ ಮತ್ತೆ ರಿಪೇರಿ. ಪ್ರತಿ ಸಾಲಿನ ಮುಂದೆ ನನ್ನ ಯೂಸರ್ ಹೆಸರು ಮತ್ತು ಗಡಿಯಾರದ ಸಮಯ. ಪ್ರಾಮಾಣಿಕವಾಗಿ ತಿದ್ದಿದ್ದು ಅಂಥ ಹೊತ್ತಿನಲ್ಲಿ ತಿದ್ದಿದ್ದರಿಂದಲೇ ಕಳ್ಳತನದಂತೆ ಕಾಣುತ್ತಿತ್ತು. ಅವಳು ನೋಟ್‌ಬುಕ್ ತೆರೆದು, ನಾನೇ ಹೇಳಿದ್ದ ವಾಕ್ಯವನ್ನು ಗಟ್ಟಿಯಾಗಿ ಓದಿದಳು: ಮುಚ್ಚಿದ ತಿಂಗಳ ತಪ್ಪನ್ನು ತೆರೆದಿರುವ ತಿಂಗಳಲ್ಲಿ, ಬೇರೆ ಜರ್ನಲ್ ಎಂಟ್ರಿಯಿಂದ ಸರಿಪಡಿಸಬೇಕು. ಕೆಳಗೆ ನನ್ನ ಹೆಸರನ್ನೂ ಬರೆದುಕೊಂಡಿದ್ದಳು.

ಸರಿ, ಅಕ್ಟೋಬರ್ 24ರ ತಾರೀಖಿಗೆ ಜರ್ನಲ್ ತೆರೆದೆ. ಇಲ್ಲಿ ನನ್ನ ತಲೆ ಓಡಿದ ರೀತಿಯನ್ನು ಹೇಳಲೇಬೇಕು. ಸಮಸ್ಯೆ ಯಾವುದರದ್ದು? ರಿಪೇರಿಯದ್ದು. ಹಾಗಾದರೆ ಮೊದಲು ರಿಪೇರಿಯನ್ನು ಹಿಡಿಯೋಣ ಎಂದು ಮೊದಲ ಸಾಲಿನಲ್ಲಿ ರಿಪೇರಿ ಆರಿಸಿದೆ. ಜರ್ನಲ್ಲಿನ ಮೊದಲ ಸಾಲು ಡೆಬಿಟ್ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಮನಸ್ಸು ಪೂರ್ತಿ 'ರಿಪೇರಿಯನ್ನು ತೆಗೆಯಬೇಕು' ಎಂಬುದರಲ್ಲೇ ಇದ್ದುದರಿಂದ ಕಣ್ಣು ಅದನ್ನು ಓದಲಿಲ್ಲ. ರಿಪೇರಿ 85,000, ಎರಡನೇ ಸಾಲಿನಲ್ಲಿ ಮಷಿನರಿ 85,000, ಎಂಟರ್. ಎರಡೂ ಕಡೆ ಸಮ. ಟ್ರಯಲ್ ಬ್ಯಾಲೆನ್ಸ್ ನೋಡಿದೆ, ತಾಳೆ. ನೆಮ್ಮದಿಯಿಂದ ಕಾಫಿಗೆ ಹೋದೆ.

ಬರುವಷ್ಟರಲ್ಲಿ ಜೂನಿಯರ್ ಮಷಿನರಿ ಲೆಡ್ಜರ್ ತೆರೆದುಕೊಂಡು ಕೂತಿದ್ದಳು. "ಸರ್, ನಾವು ಯಾವ ಮಷಿನ್ ಮಾರಿದ್ವಿ?"

ನಿಜವೇ. ಆ ಲೆಡ್ಜರಿನಲ್ಲಿ 85,000 ಕ್ರೆಡಿಟ್ ಕೂತಿತ್ತು. ಆಸ್ತಿಯ ಖಾತೆಯಲ್ಲಿ ಕ್ರೆಡಿಟ್ ಕಂಡರೆ ಯಾರಿಗಾದರೂ ಹಾಗೇ ಅನಿಸುತ್ತದೆ, ಏನೋ ಹೋಗಿದೆ ಎಂದು. ಕೊಂಡ ಯಂತ್ರ ಪುಸ್ತಕಕ್ಕೆ ಬರಲೇ ಇಲ್ಲ, ಸಾಲದ್ದಕ್ಕೆ ಇದ್ದ ಯಂತ್ರವೊಂದನ್ನು ನಾನು ಪುಸ್ತಕದಿಂದ ಕಳಿಸಿಬಿಟ್ಟಿದ್ದೆ. ಅತ್ತ ರಿಪೇರಿಯಲ್ಲಿ ಸೆಪ್ಟೆಂಬರಿನ 85,000ಕ್ಕೆ ಅಕ್ಟೋಬರಿನ 85,000 ಸೇರಿ, ಖರ್ಚು 1,70,000ದಷ್ಟು ಉಬ್ಬಿತ್ತು. ತಿದ್ದುಪಡಿ ಎಂಟ್ರಿ ಉಲ್ಟಾ ಬಿದ್ದರೆ ತಪ್ಪು ಉಳಿಯುವುದಿಲ್ಲ, ದುಪ್ಪಟ್ಟಾಗುತ್ತದೆ. ಆಗಲೂ ಟ್ರಯಲ್ ಬ್ಯಾಲೆನ್ಸ್ ನಗುನಗುತ್ತಾ ತಾಳೆಯಾಗಿಯೇ ಇರುತ್ತದೆ.

ಅವಳು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಇಂಗ್ಲಿಷ್ 'ಟಿ' ಬರೆದಳು. ಒಂದರ ಮೇಲೆ ರಿಪೇರಿ, ಇನ್ನೊಂದರ ಮೇಲೆ ಮಷಿನರಿ. "ರಿಪೇರಿಯಲ್ಲಿ 85,000 ಎಡಗಡೆ ತಪ್ಪಾಗಿ ಕೂತಿದೆ. ಅದನ್ನ ಎಬ್ಬಿಸ್ಬೇಕು ಅಂದ್ರೆ ಅದೇ ಖಾತೆಯ ಬಲಗಡೆ ಬರೀಬೇಕು. ಮಷಿನರಿಯ ಎಡಗಡೆ ಖಾಲಿ ಇದೆ, ಅಲ್ಲಿ ಬರ್ಬೇಕು. ಅಂದ್ರೆ ಮಷಿನರಿ ಡೆಬಿಟ್, ರಿಪೇರಿ ಕ್ರೆಡಿಟ್. ಅಲ್ವಾ ಸರ್?" ಮೊದಲ ಪಿ.ಯು.ಸಿ.ಯ ಪಾಠ. ತಪ್ಪೇ ನಡೆಯದಿದ್ದರೆ ಎರಡೂ ಲೆಡ್ಜರಿನಲ್ಲಿ ಎಷ್ಟು ಬಾಕಿ ಇರುತ್ತಿತ್ತು ಎಂದು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಎಂಟ್ರಿ ಹಾಕಿದ ಮೇಲೆ ಆ ಬಾಕಿ ಬಂತೇ ಎಂದು ನೋಡಬೇಕು ಎಂದೂ ಹೇಳಿದಳು. ಟ್ರಯಲ್ ಬ್ಯಾಲೆನ್ಸ್ ಅಲ್ಲ, ಲೆಡ್ಜರ್ ನೋಡಬೇಕು. ಇದನ್ನೂ ನಾನೇ ಹೇಳಿಕೊಟ್ಟಿದ್ದಿರಬೇಕು, ಕೇಳುವ ಧೈರ್ಯವಾಗಲಿಲ್ಲ.

ನನಗೆ ಉಳಿದಿದ್ದ ಮರ್ಯಾದೆ ಕಾಪಾಡಿಕೊಳ್ಳಲು ಒಂದು ಜಾಣತನ ಮಾಡಹೊರಟೆ. ರಿಪೇರಿ 1,70,000 ಹೆಚ್ಚಾಗಿದೆ ತಾನೆ? ಹಾಗಾದರೆ ಮಷಿನರಿಗೆ 1,70,000 ಡೆಬಿಟ್, ರಿಪೇರಿಗೆ 1,70,000 ಕ್ರೆಡಿಟ್. ಒಂದೇ ಎಂಟ್ರಿ, ಎಲ್ಲ ಚುಕ್ತಾ. ಲೆಕ್ಕ ಸರಿಯಾಗಿಯೇ ಇದೆ, ಬೇಕಾದರೆ ಕೂಡಿಸಿ ನೋಡಿ. ಅದನ್ನು ಕೀಬೋರ್ಡಿಗೆ ಇಳಿಸುವ ಮೊದಲು ಆಡಿಟರಿಗೆ ಫೋನ್ ಮಾಡಿದ್ದು ನಾನು ಆ ವಾರ ಮಾಡಿದ ಒಂದೇ ಒಳ್ಳೆಯ ಕೆಲಸ.

"1,70,000ಕ್ಕೆ ಬಿಲ್ ಎಲ್ಲಿದೆ?" ಎಂದರು ಅವರು.

"ಬಿಲ್ ಇರೋದು 85,000ಕ್ಕೆ ಸರ್."

"ಮಾರ್ಚ್ ಆದ್ಮೇಲೆ ನಮ್ಮ ಹುಡುಗರು ಮಷಿನರಿ ಲೆಡ್ಜರ್ ನೋಡ್ತಾ ಕೂತಾಗ, 1,70,000 ಅಂತ ಕಂಡ್ರೆ ಅಷ್ಟು ಮೊತ್ತದ ಬಿಲ್ ಹುಡುಕ್ತಾರೆ. ಇಲ್ಲದೇ ಇರೋ ಬಿಲ್ ಎಷ್ಟು ದಿನ ಹುಡುಕ್ಬೇಕು ಅವರು? ಮೊದಲು ನಿಮ್ಮ ಉಲ್ಟಾ ಎಂಟ್ರಿಯನ್ನ ಅಷ್ಟಕ್ಕಷ್ಟೇ ತಿರುಗಿಸಿ. ಆಮೇಲೆ ಸರಿಯಾದ ಎಂಟ್ರಿ ಬೇರೆ ಹಾಕಿ. ಡಿಲೀಟ್ ಮಾಡೋಕೆ ಹೋಗ್ಬೇಡಿ. ಅದೂ ಲಾಗಲ್ಲಿ ಕೂತಿರತ್ತೆ, ಆಮೇಲೆ ಅದಕ್ಕೊಂದು ಕಥೆ ಹೇಳ್ಬೇಕು."

ಹಾಗೇ ಮಾಡಿದೆವು. ಉಲ್ಟಾ ಬಿದ್ದದ್ದಕ್ಕೆ ಒಂದು ಎಂಟ್ರಿ, ಅದು ಉಲ್ಟಾದ ಪರಿಣಾಮವನ್ನು ಸೊನ್ನೆಗೆ ತಂದಿತು. ಆಮೇಲೆ ನಿಜವಾದ ತಿದ್ದುಪಡಿ. ಅಲ್ಲೂ ನಾನು ಬಿಲ್ಲನ್ನು ಮುಂದಿಟ್ಟುಕೊಂಡು ದೊಡ್ಡಕ್ಷರದಲ್ಲಿದ್ದ 1,00,300 ಎಂದು ಒತ್ತತೊಡಗಿದ್ದೆ. ಜೂನಿಯರ್ ಕೆಮ್ಮಿದಳು. ತೆರಿಗೆಯ 15,300ನ್ನು ನಾವು ಇನ್‌ಪುಟ್ ಆಗಿ ಆಗಲೇ ಪಡೆದಿದ್ದೆವು. ಅದನ್ನೇ ಯಂತ್ರದ ಬೆಲೆಗೂ ಸೇರಿಸಿ ಅದರ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿಯನ್ನೂ ಕೇಳಿದರೆ, ಆ ಇನ್‌ಪುಟ್ ಸಿಗುವುದಿಲ್ಲ ಎನ್ನುತ್ತದೆ ಜಿ.ಎಸ್.ಟಿ. ಕಾನೂನು. ತಪ್ಪಾಗಿ ಕೂತದ್ದು ಎಷ್ಟೋ ಅಷ್ಟನ್ನೇ ಎಬ್ಬಿಸಬೇಕು, 85,000. ನಾನು ಕೀಬೋರ್ಡನ್ನು ಅವಳತ್ತ ಸರಿಸಿದೆ.

ವಿವರಣೆಯ ಜಾಗದಲ್ಲಿ ನನ್ನ ಶೈಲಿ ಸಾಮಾನ್ಯವಾಗಿ 'ತಿದ್ದುಪಡಿ' ಎಂಬ ಒಂದೇ ಪದ. ಅವಳು ಬರೆದದ್ದು: "4 ಸೆಪ್ಟೆಂಬರ್ ತಾರೀಖಿನ ಜರ್ನಲ್ ವೋಚರಿನಲ್ಲಿ ಏರ್ ಕಂಪ್ರೆಸರ್ ಖರೀದಿಯ 85,000 ರೂ. ರಿಪೇರಿ ಖಾತೆಗೆ ತಪ್ಪಾಗಿ ಹೋದದ್ದನ್ನು ಮಷಿನರಿ ಖಾತೆಗೆ ವರ್ಗಾಯಿಸಿದೆ. ತೆರಿಗೆ ಮೊತ್ತದಲ್ಲಿ ಬದಲಾವಣೆ ಇಲ್ಲ." ವೋಚರ್ ನಂಬರು, ಬಿಲ್ ನಂಬರು, ಯಾರು ಒಪ್ಪಿದರು ಎಂಬುದೂ ಇತ್ತು. ಮುಂದೆ ಯಾರಾದರೂ ಆ ಎಂಟ್ರಿಯ ಮೇಲೆ ಎಡವಿದರೆ ನನ್ನನ್ನು ಕರೆಯುವ ಅಗತ್ಯವೇ ಇಲ್ಲ. ನನಗೆ ಅದು ಅಷ್ಟೇನೂ ಸಂತೋಷದ ವಿಷಯವಾಗಿ ಕಾಣಲಿಲ್ಲ.

ಮುಗಿಯಿತು ಎಂದುಕೊಂಡು ಆಡಿಟರಿಗೆ ಮತ್ತೆ ಫೋನ್ ಮಾಡಿ ವರದಿ ಒಪ್ಪಿಸಿದೆ. "ಆಸ್ತಿ ರಿಜಿಸ್ಟರಿನಲ್ಲಿ ಯಾವ ತಾರೀಖು ಬರೆದಿದ್ದೀರಿ?" ಎಂದರು. ವೋಚರಿನ ತಾರೀಖೇ, ಅಕ್ಟೋಬರ್ 24 ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ಯಂತ್ರ ಗಾಳಿ ಊದಲು ಶುರುಮಾಡಿದ್ದು ಸೆಪ್ಟೆಂಬರ್ 4ಕ್ಕೆ. ಅಲ್ಲಿಂದ ಮಾರ್ಚ್ 31ಕ್ಕೆ 209 ದಿನ. ಆದಾಯ ತೆರಿಗೆಯ ಲೆಕ್ಕದಲ್ಲಿ, ಆ ವರ್ಷವೇ ಕೊಂಡ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ ಸವಕಳಿ ಅರ್ಧವೇ ಸಿಗುವುದು. ಅಕ್ಟೋಬರ್ 24 ಎಂದು ಬರೆದರೆ 159 ದಿನ. ಶೇಕಡಾ 15ರ ದರದಲ್ಲಿ 12,750 ಸಿಗಬೇಕಾದದ್ದು 6,375ಕ್ಕೆ ಇಳಿಯುತ್ತದೆ. "ತಪ್ಪು ತಿದ್ದಿದ್ದು ಅಕ್ಟೋಬರಿನಲ್ಲಿ ಇರ್ಬೋದು ಸ್ವಾಮಿ, ಕಂಪ್ರೆಸರ್ ಬಂದಿದ್ದು ಅಕ್ಟೋಬರಿನಲ್ಲಿ ಅಲ್ಲವಲ್ಲ." ಲೆಡ್ಜರಿನಲ್ಲಿ ವೋಚರಿನ ತಾರೀಖು ಇರಲಿ, ರಿಜಿಸ್ಟರಿನಲ್ಲಿ ಬಳಕೆಗೆ ಬಂದ ತಾರೀಖು ಬರೆಯಿರಿ, ಬಿಲ್ ಮತ್ತು ಕಂಪ್ರೆಸರ್ ಕೂರಿಸಿದ ದಿನದ ಚೀಟಿಯನ್ನು ವೋಚರಿನ ಜೊತೆಗೇ ಪಿನ್ ಮಾಡಿ ಎಂದರು. ಕೊನೆಗೆ, "ವರ್ಷದೊಳಗೆ ಸಿಕ್ಕಿದ್ದು ನಿಮ್ಮ ಪುಣ್ಯ. ಬ್ಯಾಲೆನ್ಸ್ ಶೀಟಿಗೆ ಸಹಿ ಬಿದ್ದ ಮೇಲೆ ಸಿಕ್ಕಿದ್ರೆ ಹಿಂದಿನ ವರ್ಷದ ತಪ್ಪು ಅಂತ ಪಟ್ಟಿಯಲ್ಲಿ ಬೇರೆಯಾಗಿ ತೋರಿಸ್ಬೇಕಾಗಿತ್ತು" ಎಂದು ಸಮಾಧಾನ ಹೇಳಿದರು. ಅದನ್ನು ಸಮಾಧಾನವೆಂದೇ ತೆಗೆದುಕೊಂಡೆ.

ಇನ್ನು ಉಳಿದದ್ದು ಅಕ್ಟೋಬರಿನ ಪಟ್ಟಿ. ಆ ತಿಂಗಳು ನಿಜವಾಗಿ ಆದ ರಿಪೇರಿ ಖರ್ಚು 5,600. ಅದರಿಂದ 85,000 ಕಳೆದಾಗ ಬರುವುದು ಮೈನಸ್ 79,400. ಇದನ್ನು ತಪ್ಪಿಸಲು ದಾರಿಯಿಲ್ಲ. ಸೆಪ್ಟೆಂಬರ್ ತಿಂದ 85,000ದ ಲಾಭವನ್ನು ಅಕ್ಟೋಬರ್ ಕಕ್ಕಲೇಬೇಕು. ಎರಡೂ ತಿಂಗಳು ಕೂಡಿಸಿದಾಗ ಮಾತ್ರ ರಿಪೇರಿ 11,800 ಎಂದು ಸರಿಯಾಗುತ್ತದೆ. ಹಾಗಾಗಿ ಅಕ್ಟೋಬರಿನ ಪಟ್ಟಿಯ ಕೆಳಗೆ ಎರಡು ಸಾಲಿನ ಟಿಪ್ಪಣಿ ಬರೆದು, ಸೆಪ್ಟೆಂಬರಿನ ಹಳೇ ಪಟ್ಟಿಗೂ ಅದನ್ನೇ ಬರೆದ ಚೀಟಿ ಅಂಟಿಸಿ, ಬ್ಯಾಂಕಿಗೆ ಕಳಿಸಲು ಒಂದು ಪತ್ರವನ್ನೂ ಟೈಪ್ ಮಾಡಿಸಿ, ಯಜಮಾನರ ಮುಂದೆ ನಿಂತೆ.

ಅವರು ಬೆರಳಿಟ್ಟು ಓದುತ್ತಾ ಬಂದವರು ರಿಪೇರಿಯ ಸಾಲಿಗೆ ನಿಂತರು. "ಇದು ಬ್ರಾಕೆಟ್ಟಿನಲ್ಲಿದೆ."

"ಮೈನಸ್ ಸರ್."

"ಅಂದ್ರೆ ಈ ತಿಂಗಳು ರಿಪೇರಿಯವರೇ ನಮಗೆ ದುಡ್ಡು ಕೊಟ್ರು?"

ನಾನು ಮೊದಲಿಂದ ವಿವರಿಸಿದೆ. ಕಂಪ್ರೆಸರ್, ಬೆರಳು, ಬೀಗ, ಎಡಗಡೆ, ಬಲಗಡೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಎರಡೂ ತಿಂಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ಒಂದು ಕೆಲಸ ಮಾಡಿ. ಸೆಪ್ಟೆಂಬರಿಂದು ನನ್ನ ಹತ್ರ ಇರ್ಲಿ, ನಮ್ಮ ಭಾವಮೈದುನ ಸಾಲ ಕೇಳೋಕೆ ಬರ್ತೀನಿ ಅಂದಿದ್ದಾನೆ. ಅಕ್ಟೋಬರಿಂದು ಬ್ಯಾಂಕ್ ಮ್ಯಾನೇಜರಿಗೆ ಕೊಡೋಣ, ಲಿಮಿಟ್ ಜಾಸ್ತಿ ಮಾಡಿ ಅಂತ ಕೇಳ್ಬೇಕು."

"ಸರ್, ಎರಡರ ಮೇಲೂ ಟಿಪ್ಪಣಿ ಇದೆ."

"ಟಿಪ್ಪಣಿ ಯಾರ್ ಓದ್ತಾರ್ರೀ?" ಎಂದರು ಯಜಮಾನರು.

ಬಾಗಿಲ ಹತ್ತಿರ ನಿಂತಿದ್ದ ಜೂನಿಯರ್ ಮೆಲ್ಲಗೆ ಕೈ ಎತ್ತಿದಳು.